ಬಾಗಿದ ಗೆರೆಯಿಂದ ಮೂಳೆಯ ಎಳೆಗೆ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ಹೊರಳಿ ಮಲಗಿದ್ದರೆ ಎಕ್ಸ್‌ರೇ ಬರುವ ಮುಂಚೆಯೇ ವಾರ್ಡ್‌ಬಾಯ್ ಕೂಡ ಸೊಂಟ ಮುರಿದಿದೆ ಎನ್ನುತ್ತಾನೆ. ತಲೆನೋವು ಕೊಡುವವರು ಮಗನ ಭುಜ ಹಿಡಿದು ನಡೆದೇ ಬರುವ ಅಜ್ಜಿಯರು. ತೊಡೆಸಂದಿನಲ್ಲಿ ಒಂಚೂರು ನೋವು, ಅಷ್ಟೇ ಕಣಪ್ಪ ಎನ್ನುತ್ತಾರೆ. ಫಿಲ್ಮ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಸೊಂಟದ ಎಕ್ಸ್‌ರೇ ಓದುವ ವಿದ್ಯೆ ನೂರು ವರ್ಷಗಳಿಂದ ಬೆಳೆದದ್ದು ಬಹುಮಟ್ಟಿಗೆ ಇಂಥವರ ಫಿಲ್ಮ್‌ನಿಂದಾಗಿ.

ಇಲ್ಲಿ ಮುರಿಯುವ ಜಾಗ ತೊಡೆಮೂಳೆಯ ಕುತ್ತಿಗೆ. ಮೇಲೆ ಸೊಂಟದ ಬಟ್ಟಲಲ್ಲಿ ಕೂರುವ ಗುಂಡು, ಕೆಳಗೆ ಉದ್ದನೆಯ ಮೂಳೆ, ಎರಡರ ನಡುವೆ ಓರೆಯಾಗಿ ನಿಂತ ಭಾಗ. ಗುಂಡಿಗೆ ರಕ್ತ ಹೆಚ್ಚಾಗಿ ಈ ಕುತ್ತಿಗೆಗೆ ಅಂಟಿಕೊಂಡು ಹತ್ತುವ ಸಣ್ಣ ನಾಳಗಳಿಂದಲೇ ಬರುತ್ತದೆ. ಮೂಳೆ ಜರುಗಿದರೆ ನಾಳಗಳೂ ಹರಿಯುತ್ತವೆ. ಲಂಡನ್ನಿನ ಶಸ್ತ್ರಚಿಕಿತ್ಸಕ ಆಸ್ಟ್ಲಿ ಕೂಪರ್, ಎಕ್ಸ್‌ರೇ ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1822ರ ತಮ್ಮ ಗ್ರಂಥದಲ್ಲಿಯೇ ಕೀಲಿನ ಚೀಲದ ಒಳಗಿನ ಮುರಿತವನ್ನು ಹೊರಗಿನದರಿಂದ ಬೇರೆ ಮಾಡಿ ನೋಡಿದ್ದರು. ಒಳಗಿನದು ಸುಲಭವಾಗಿ ಕೂಡುವುದಿಲ್ಲ ಎಂಬುದು ಅವರ ಅನುಭವ.

ರಾಂಟ್ಜನ್ 1895ರಲ್ಲಿ ಎಕ್ಸ್‌ ಕಿರಣ ಕಂಡ ಮೇಲೆ ಮೊದಮೊದಲು ವೈದ್ಯರ ಕಣ್ಣು ಹೋದದ್ದು ಮೂಳೆಯ ಅಂಚಿನ ಕಡೆಗೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಎಡ್ವರ್ಡ್ ಶೆಂಟನ್ 1911ರಲ್ಲಿ ವಿವರಿಸಿದ ಗೆರೆ ಇವತ್ತಿಗೂ ಪ್ರತಿ ವಿದ್ಯಾರ್ಥಿಗೆ ಬಾಯಿಪಾಠ. ತೊಡೆಮೂಳೆ ಕುತ್ತಿಗೆಯ ಒಳ ಅಂಚಿನಿಂದ ಹೊರಟು, ಕೀಲು ದಾಟಿ, ಮುಂದಿನ ಸೊಂಟಮೂಳೆಯ ಮೇಲಿನ ಕೊಂಬೆಯ ತಳದಂಚಿಗೆ ಸೇರುವ ಕಮಾನು ಅದು. ಬಾಗಿಲ ಮೇಲಿನ ಕಮಾನಿನಂತೆ ಒಂದೇ ಬೀಸಿನಲ್ಲಿ ಹರಿಯಬೇಕು. ನಡುವೆ ಮೆಟ್ಟಿಲು ಕಂಡರೆ ಏನೋ ಜರುಗಿದೆ ಎಂದರ್ಥ.

ಗೆರೆ ಒಳ್ಳೆಯದೇ, ಆದರೆ ಅದರ ಮೇಲೆ ಜನ ಇಟ್ಟ ನಂಬಿಕೆ ಅತಿಯಾಯಿತು ಎಂದು ನನಗನ್ನಿಸುತ್ತದೆ. ಜರುಗದೆ ಬಿರುಕು ಬಿಟ್ಟ ಮೂಳೆಯಲ್ಲಿ ಶೆಂಟನ್ ಗೆರೆ ಸಲೀಸಾಗಿ ಹರಿಯುತ್ತದೆ. ಪಾದ ಹೊರಕ್ಕೆ ತಿರುಗಿದ್ದಾಗ ತೆಗೆದ ಫಿಲ್ಮ್‌ನಲ್ಲಿ ಕುತ್ತಿಗೆ ಮೊಟಕಾಗಿ ಕಾಣುತ್ತದೆ, ಹೊರಬದಿಯ ದೊಡ್ಡ ಗಂಟು ಅದರ ಮೇಲೆ ನೆರಳು ಚೆಲ್ಲುತ್ತದೆ. ಅದಕ್ಕೇ ತೆಗೆಯುವಾಗ ಪಾದವನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಬೇಕೆಂಬ ನಿಯಮ. ನೋವಿರುವವರ ಕಾಲನ್ನು ಬಲವಂತವಾಗಿ ತಿರುಗಿಸುವಂತಿಲ್ಲ. ಒಳಬದಿಯ ಸಣ್ಣ ಗಂಟು ಒಂದು ಕಡೆ ದೊಡ್ಡದಾಗಿ ಎದ್ದು ಕಂಡರೆ ಆ ಕಾಲು ಹೊರಳಿದೆ ಎಂದು ತಿಳಿದು, ಆ ಫಿಲ್ಮ್‌ನ ಕುತ್ತಿಗೆಯ ಬಗ್ಗೆ ತೀರ್ಪು ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು.

ಕುತ್ತಿಗೆಯ ಮೇಲಂಚು ಮತ್ತು ಕೆಳಂಚು ಗುಂಡನ್ನು ಸೇರುವ ಕಡೆ ಎರಡೂ ಬದಿಗೆ ಒಂದು ನಯವಾದ ಎಸ್ ಆಕಾರದ ತಿರುವು ಇರುತ್ತದೆ. ಗುಂಡಿನ ಉಬ್ಬು ಮೆಲ್ಲಗೆ ಕುತ್ತಿಗೆಯ ತಗ್ಗಿಗೆ ಇಳಿಯಬೇಕು. ಅಲ್ಲಿ ಚೂಪು ಮೂಲೆ ಕಂಡರೆ ಶೆಂಟನ್ ಗೆರೆ ಸರಿಯಿದ್ದರೂ ಸಂಶಯ ಪಡಬೇಕು. ಸಂಧಿವಾತ ಇರುವ ಮುದುಕರಲ್ಲಿ ಗುಂಡಿನ ಸುತ್ತ ಬೆಳೆದ ಮೂಳೆಯ ಅಂಚುಪಟ್ಟಿಯೂ ಇಂಥದೇ ಮೂಲೆಯನ್ನು, ಕೆಲವೊಮ್ಮೆ ಅಡ್ಡ ಬಿಳಿ ಪಟ್ಟೆಯನ್ನು ತೋರಿಸಿ ಮೋಸಗೊಳಿಸುತ್ತದೆ.

ಅಂಚಿನಿಂದ ಒಳಕ್ಕೆ ಕಣ್ಣು ತಿರುಗಿಸಿದ ಕಥೆಗೆ ಬೇರು ಎಕ್ಸ್‌ರೇಗಿಂತ ಹಳೆಯದು. ತೊಡೆಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಸಣ್ಣ ಸಣ್ಣ ಎಳೆಗಳು ಸಾಲುಗಟ್ಟಿ ನಿಂತಿರುತ್ತವೆ. ಇಂಗ್ಲೆಂಡಿನ ವಾರ್ಡ್ 1838ರಲ್ಲಿಯೇ ಇವುಗಳನ್ನು ಬಣ್ಣಿಸಿದ್ದರು. ಎಳೆಗಳು ತೆಳುವಾಗಿರುವ ನಡುವಿನ ಖಾಲಿ ಜಾಗಕ್ಕೆ ಈಗಲೂ ಅವರದೇ ಹೆಸರು. ಜೂರಿಕ್‌ನಲ್ಲಿ ಅಂಗರಚನಾ ತಜ್ಞ ಮೇಯರ್ ತೋರಿಸಿದ ಎಳೆಗಳ ಜೋಡಣೆ, ಕಲ್ಮನ್ ಎಂಬ ಎಂಜಿನಿಯರ್ ಕ್ರೇನಿಗೆ ಲೆಕ್ಕ ಹಾಕಿದ ಒತ್ತಡದ ಗೆರೆಗಳನ್ನು ಹೋಲುತ್ತಿತ್ತು. ಮೇಯರ್ ಅದನ್ನು 1867ರಲ್ಲಿ ಪ್ರಕಟಿಸಿದರು. ಭಾರ ಬಿದ್ದ ಕಡೆಗೆ ಮೂಳೆ ತನ್ನ ಎಳೆಗಳನ್ನು ಹೊಂದಿಸಿಕೊಳ್ಳುತ್ತದೆ ಎಂಬ ವೋಲ್ಫ್‌ನ ನಿಯಮ 1892ರದು.

ಈ ಎಳೆಗಳ ಜೋಡಣೆಯನ್ನು ಮುರಿತ ಓದುವ ಸಾಧನವಾಗಿ ಮಾಡಿದವರು ಇಂಗ್ಲೆಂಡಿನ ಪ್ರೆಸ್ಟನ್ನಿನ ಮೂಳೆ ಶಸ್ತ್ರಚಿಕಿತ್ಸಕ ಗಾರ್ಡನ್, 1961ರಲ್ಲಿ. ಒಳ ಅಂಚಿನಿಂದ ಗುಂಡಿನ ಮೇಲ್ಭಾಗಕ್ಕೆ ಬೀಸಣಿಗೆಯಂತೆ ಹರಡುವ ದಪ್ಪ ಎಳೆಗಳ ಸಾಲು ಅವರ ದಿಕ್ಸೂಚಿ. ಮುಂದಿನಿಂದ ತೆಗೆದ ಫಿಲ್ಮ್‌ನಲ್ಲಿ ಈ ಸಾಲು ತೊಡೆಮೂಳೆಯ ಒಳ ಅಂಚಿನೊಡನೆ ಸುಮಾರು 160 ಡಿಗ್ರಿ ಕೋನ ಮಾಡುತ್ತದೆ. ಗುಂಡು ಮೇಲಕ್ಕೆ ಓರೆಯಾಗಿ ಕಚ್ಚಿಕೊಂಡರೆ ಕೋನ ಹಿಗ್ಗುತ್ತದೆ, ಅದು ಮೊದಲನೇ ದರ್ಜೆ. ಪೂರ್ತಿ ಮುರಿದೂ ಜರುಗದಿದ್ದರೆ ಎರಡನೆಯದು. ಮೂರನೆಯದರಲ್ಲಿ ಗುಂಡು ಅರ್ಧ ಅಂಟಿಕೊಂಡು ವಾಲುವುದರಿಂದ ಅದರ ಎಳೆಗಳು ಸೊಂಟದ ಬಟ್ಟಲಿನ ಎಳೆಗಳಿಗೆ ಹೊಂದುವುದಿಲ್ಲ. ವಿಚಿತ್ರವೆಂದರೆ ನಾಲ್ಕನೆಯದರಲ್ಲಿ ಮತ್ತೆ ಹೊಂದುತ್ತವೆ! ಸಂಬಂಧ ಪೂರ್ತಿ ಕಡಿದ ಗುಂಡು ಎಳೆಯುವವರಿಲ್ಲದೆ ತನ್ನ ಪಾಡಿಗೆ ಬಟ್ಟಲಲ್ಲಿ ನೆಟ್ಟಗೆ ಕೂತುಬಿಡುತ್ತದೆ. ಗುಂಡನ್ನು ಮಾತ್ರ ನೋಡಿದವನಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಕೆಳಗಿನ ಮೂಳೆಯ ಮೇಲೆ ಕಣ್ಣಿಟ್ಟವನಿಗೆ ಸತ್ಯ ತಿಳಿಯುತ್ತದೆ.

ನಾಲ್ಕು ದರ್ಜೆ ಕಾಗದದ ಮೇಲೆ ಚಂದ. ಡೆನ್ಮಾರ್ಕಿನ ಫ್ರಾಂಡ್ಸೆನ್ ಮತ್ತು ಸಂಗಡಿಗರು 1988ರಲ್ಲಿ 100 ಮುರಿತಗಳ ಫಿಲ್ಮ್‌ಗಳನ್ನು 8 ಜನರಿಗೆ ಕೊಟ್ಟು ನೋಡಿದಾಗ ಎಲ್ಲರೂ ಒಂದೇ ದರ್ಜೆ ಹೇಳಿದ್ದು 22ರಲ್ಲಿ ಮಾತ್ರ. ಇವತ್ತು ಹೆಚ್ಚಿನವರು ಜರುಗಿದೆಯೇ ಇಲ್ಲವೇ ಎಂದಷ್ಟೇ ಕೇಳಿಕೊಳ್ಳುತ್ತಾರೆ. ಎಳೆಗಳನ್ನೇ ಅಳತೆಗೋಲು ಮಾಡಿದ ಇನ್ನೊಂದು ಕೆಲಸ ಭಾರತದ ಮನಮೋಹನ್ ಸಿಂಗ್, ನಾಗ್ರಥ್ ಮತ್ತು ಮೈನಿ ಅವರದು, 1970ರದು. (ಪ್ರಧಾನಿ ಅಲ್ಲ, ವೈದ್ಯರು.) ಎಳೆಗಳ ಗುಂಪುಗಳು ಒಂದೊಂದಾಗಿ ಮಾಯವಾಗುವ ಕ್ರಮ ನೋಡಿ ಆರರಿಂದ ಒಂದಕ್ಕೆ ಇಳಿಯುವ ಅಂಕ ಕೊಟ್ಟು ಮೂಳೆ ಸವೆತವನ್ನು ಅಂದಾಜಿಸಿದರು. ಮೂಳೆ ಸಾಂದ್ರತೆಯ ಯಂತ್ರಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಆದರೆ ಅದು ತೋರಿಸಿದ ಒಂದು ತೊಡಕು ಉಳಿದೇ ಇದೆ: ಮುರಿಯುವ ಸಂಭವ ಯಾರಲ್ಲಿ ಹೆಚ್ಚೋ ಅವರ ಎಳೆಗಳೇ ಮಸುಕು. ಓದಬೇಕಾದ ಅಕ್ಷರವೇ ಅಳಿಸಿಹೋಗಿರುತ್ತದೆ.

ಒಂದು ಮಾದರಿ ಪ್ರಕರಣ ನೋಡೋಣ. 76 ವರ್ಷದ ಹೆಂಗಸು, ಬಿದ್ದು ಎರಡು ದಿನ, ಕೋಲು ಹಿಡಿದು ನಡೆಯುತ್ತಾರೆ. ಬಲ ತೊಡೆಸಂದಿನಲ್ಲಿ ನೋವು. ಸೊಂಟದ ಪೂರ್ತಿ ಫಿಲ್ಮ್‌ನಲ್ಲಿ ಎರಡೂ ಕಡೆಯ ಶೆಂಟನ್ ಗೆರೆ ಸರಿ, ಎರಡೂ ಸಣ್ಣ ಗಂಟುಗಳು ಒಂದೇ ಅಳತೆ, ಅಂದರೆ ಹೋಲಿಕೆಗೆ ಫಿಲ್ಮ್ ನಂಬಬಹುದು. ಎಡಗಡೆ ಗುಂಡಿನಿಂದ ಕುತ್ತಿಗೆಗೆ ಮೇಲಂಚು ನಯವಾಗಿ ಇಳಿಯುತ್ತದೆ, ಬಲಗಡೆ ಅದೇ ಜಾಗದಲ್ಲಿ ಸಣ್ಣ ಮೂಲೆ. ಎಳೆಗಳ ಕೋನ ಎಡಕ್ಕೆ 160, ಬಲಕ್ಕೆ 175. ಗುಂಡಿನ ಬುಡದಲ್ಲಿ ಎಳೆಗಳನ್ನು ಅಡ್ಡ ಹಾಯ್ದ ಮಸುಕು ಬಿಳಿ ಪಟ್ಟೆ: ಮುರಿದ ತುದಿಗಳು ಒಂದರೊಳಗೊಂದು ಹೂತು ಮೂಳೆ ಒತ್ತಾದ ಗುರುತು. ಪಕ್ಕದಿಂದ ತೆಗೆದ ಫಿಲ್ಮ್‌ನಲ್ಲಿ ಗುಂಡು ತುಸು ಹಿಂದಕ್ಕೆ ವಾಲಿದ್ದು ಗೊತ್ತಾಗುತ್ತದೆ. ಗಾರ್ಡನ್ ಲೆಕ್ಕದಲ್ಲಿ ಮೊದಲನೇ ದರ್ಜೆ.

ಈ ಗುರುತುಗಳಲ್ಲಿ ಒಂದೂ ಸಿಗದೆ ನೋವು ಮಾತ್ರ ಇದ್ದರೆ? ಮುಂದಿನ ಸೊಂಟಮೂಳೆಯ ಕೊಂಬೆಗಳಲ್ಲಿ ಬಿರುಕು ಇದೆಯೇ ನೋಡಬೇಕು, ಅದೂ ಇಂಥದೇ ನೋವು ಕೊಡುತ್ತದೆ. ಅದು ಸಿಕ್ಕರೂ ಕುತ್ತಿಗೆಯಲ್ಲಿ ಇನ್ನೊಂದು ಬಿರುಕು ಇರಬಾರದೆಂದೇನಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ದಾರಿಯನ್ನು ಸ್ಪಷ್ಟವಾಗಿ ಹೇಳಿತು: ಫಿಲ್ಮ್ ಸರಿಯಿದ್ದೂ ಸಂಶಯವಿದ್ದರೆ ಎಂಆರ್‌ಐ ಮಾಡಿ, 24 ಗಂಟೆಯೊಳಗೆ ಅದು ಆಗದಿದ್ದರೆ ಅಥವಾ ಮಾಡಬಾರದಿದ್ದರೆ ಸಿಟಿಯನ್ನು ಪರಿಗಣಿಸಿ. ಎಂಆರ್‌ಐಗೆ ಮೂಳೆಯ ಎಳೆ ಬೇಕಿಲ್ಲ, ಮಜ್ಜೆಯಲ್ಲಿ ನೀರು ಸೇರಿದ ಜಾಗವೇ ಅದಕ್ಕೆ ಹೊಳೆದು ಕಾಣುತ್ತದೆ.

ನಮ್ಮ ಮಾದರಿಯ ಅಜ್ಜಿಗೆ ಅದೇ ದಿನ ಸ್ಕ್ರೂ ಹಾಕಲು ತೀರ್ಮಾನಿಸಬಹುದು. ಫಿಲ್ಮ್ ಸರಿಯಿದೆ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರೆ, ಕಚ್ಚಿಕೊಂಡಿದ್ದ ಗುಂಡು ನಡೆದಾಟದಲ್ಲಿ ಸಡಿಲವಾಗಿ ಜರುಗುವ ಸಾಧ್ಯತೆ ಇತ್ತು. ಆಗ ಬೇಕಾಗುವುದು ಬಹುಶಃ ಮೂರು ಸ್ಕ್ರೂ ಅಲ್ಲ, ಗುಂಡನ್ನೇ ತೆಗೆದು ಕೂರಿಸುವ ಲೋಹದ ಗುಂಡು.