ಯಾರ ಬಳಿ ಯಾರ ವಾಸ? ಒಂದು ನಿಮಿಷದ ಉತ್ತರಕ್ಕಾಗಿ ‘ಉಪವಾಸ’ದ ಶೋಧ

ಪ್ರಶ್ನೋತ್ತರದ ಕಿರುಚಿತ್ರವೊಂದಕ್ಕೆ ಮಾತು ಬರೆದುಕೊಡಲು ಕುಳಿತಾಗ ನನ್ನ ಮುಂದೆ ನೋಡುಗರೊಬ್ಬರ ಈ ಪ್ರಶ್ನೆಯಿತ್ತು: ‘ಜನ ಯಾಕೆ ಉಪವಾಸ ಮಾಡ್ತಾರೆ?’ ಉತ್ತರಕ್ಕಿದ್ದ ಅವಧಿ ಒಂದು ನಿಮಿಷ. ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸುಮಾರು ನೂರು ಪದ. ಪ್ರಶ್ನೆಯ ಕ್ರಿಯಾಪದವೇ ಮೊದಲು ಗಮನ ಸೆಳೆಯಿತು. ಕನ್ನಡದಲ್ಲಿ ಊಟ ಸಿಗದವರು ಉಪವಾಸ ‘ಬೀಳುತ್ತಾರೆ’. ಊಟವಿದ್ದೂ ಬಿಟ್ಟವರು ಉಪವಾಸ ‘ಮಾಡುತ್ತಾರೆ’, ಇಲ್ಲವೇ ‘ಇರುತ್ತಾರೆ’. ನಾಮಪದ ಒಂದೇ ಆದರೂ ಕ್ರಿಯಾಪದ ಎರಡನ್ನೂ ಬೇರೆ ಮಾಡಿಬಿಡುತ್ತದೆ. ಇಲ್ಲಿ ಕೇಳಿರುವುದು ಮಾಡುವ ಉಪವಾಸದ ಕಾರಣವನ್ನು.

ಇಂಥ ಕಡೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು. ಆದ್ದರಿಂದ ಉಪವಾಸವೆಂದರೆ ದೇವರ ಹತ್ತಿರ ಇರುವುದು. ಇನ್ನೊಂದು, ಹಸಿದ ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಕರಗಿಸಿ ಬಳಸಿಕೊಳ್ಳುತ್ತದೆ, ಇದಕ್ಕೆ ನೊಬೆಲ್ ಪ್ರಶಸ್ತಿಯೇ ಬಂದಿದೆ ಎಂಬುದು. ಯೊಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅವರು ಆ ಕ್ರಿಯೆಯನ್ನು ಬಿಡಿಸಿ ತೋರಿಸಿದ್ದು ಪೋಷಕಾಂಶ ಸಿಗದಂತೆ ಮಾಡಿದ ಯೀಸ್ಟ್ ಕೋಶಗಳಲ್ಲಿ. ಅದು ಹಸಿವಿನ ಪರಿಣಾಮದ ಅರಿವು. ಏಕಾದಶಿ ಮಾಡುವವರ ಕಾರಣವಲ್ಲ. ಹಾಗಾಗಿ ಆ ಉತ್ತರವನ್ನು ಬದಿಗಿಡುತ್ತೇನೆ. ಮೊದಲನೆಯದು ಪದದಿಂದಲೇ ಹೊರಡುವುದರಿಂದ ಅದನ್ನು ಪರೀಕ್ಷಿಸಲೇಬೇಕು. ಹತ್ತಿರ ಇರುವುದು ಸರಿ, ಆದರೆ ಯಾರ ಹತ್ತಿರ ಯಾರು?

ಇದಕ್ಕೆ ಹಳೆಯ ಉತ್ತರ ಶತಪಥ ಬ್ರಾಹ್ಮಣದ ಆರಂಭದಲ್ಲೇ ಇದೆ. ಸಂದರ್ಭ ದರ್ಶಪೂರ್ಣಮಾಸ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಇಷ್ಟಿ. ಯಜಮಾನ ಹಿಂದಿನ ದಿನ ಆಹವನೀಯ ಮತ್ತು ಗಾರ್ಹಪತ್ಯ ಅಗ್ನಿಗಳ ನಡುವೆ ನಿಂತು ನೀರು ಮುಟ್ಟಿ ವ್ರತ ಹಿಡಿಯುತ್ತಾನೆ. ಆ ದಿನ ಅವನು ಉಣ್ಣಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತದೆ. ಆಷಾಢ ಸಾವಯಸನ ಮಾತಿನ ಸಾರ ಹೀಗೆ: ದೇವತೆಗಳು ಮನುಷ್ಯನ ಮನಸ್ಸನ್ನು ಬಲ್ಲವರು. ನಾಳೆ ಇವನು ತಮಗಾಗಿ ಯಾಗ ಮಾಡುತ್ತಾನೆಂದು ತಿಳಿದು ಇಂದೇ ಅವನ ಮನೆಗೆ ಬಂದು ಹತ್ತಿರ ತಂಗುತ್ತಾರೆ. ಅದಕ್ಕೇ ಆ ದಿನಕ್ಕೆ ‘ಉಪವಸಥ’ವೆಂದು ಹೆಸರು. ಮನೆಗೆ ಬಂದ ಮನುಷ್ಯರು ಉಣ್ಣುವ ಮೊದಲೇ ಮನೆಯೊಡೆಯ ಉಂಡರೆ ಅದು ಸಲ್ಲದ ನಡತೆ. ಬಂದವರು ದೇವತೆಗಳಾದರೆ ಇನ್ನೂ ಹೇಳಬೇಕೆ? ಆದ್ದರಿಂದ ಉಣ್ಣಬಾರದು.

ಇಲ್ಲಿ ಹತ್ತಿರ ವಾಸಿಸುವವರು ದೇವತೆಗಳು, ಉಪವಾಸಿ ಆತಿಥೇಯ. ಅವನು ಎಲ್ಲಿಗೂ ಹೋಗುತ್ತಿಲ್ಲ, ದೇಹವನ್ನು ದಂಡಿಸುತ್ತಲೂ ಇಲ್ಲ. ಅತಿಥಿಗೆ ಬಡಿಸುವವರೆಗೆ ಕೈ ತಡೆದಿದ್ದಾನೆ, ಅಷ್ಟೆ. ನಮ್ಮ ಮನೆಗಳಲ್ಲಿ ನೆಂಟರ ಎಲೆಗೆ ಬಡಿಸುವ ಮುನ್ನ ಅಡುಗೆ ಮಾಡಿದವರು ಉಣ್ಣದಿರುವ ರೂಢಿಯನ್ನು ನೋಡಿದವರಿಗೆ ಈ ತರ್ಕ ವಿವರಣೆಯಿಲ್ಲದೆ ತಿಳಿಯುತ್ತದೆ.

ಚರ್ಚೆ ಅಲ್ಲಿಗೆ ನಿಲ್ಲುವುದಿಲ್ಲ. ಯಾಜ್ಞವಲ್ಕ್ಯ ಒಂದು ತೊಡಕು ತೋರಿಸುತ್ತಾನೆ. ಉಣ್ಣದಿದ್ದರೆ ಈ ಕರ್ಮ ಪಿತೃಗಳದ್ದಾಗಿಬಿಡುತ್ತದೆ, ಉಂಡರೆ ದೇವತೆಗಳಿಗಿಂತ ಮೊದಲು ಉಂಡಂತಾಗುತ್ತದೆ. ಹಾಗಾದರೆ ತಿಂದರೂ ತಿನ್ನದಂತೆ ಲೆಕ್ಕವಾಗುವುದನ್ನು ತಿನ್ನಬೇಕು. ಅದು ಯಾವುದು? ಹವಿಸ್ಸಾಗಿ ಅರ್ಪಿಸದ ವಸ್ತು, ಅಂದರೆ ಕಾಡಿನಲ್ಲಿ ಬೆಳೆದ ಸೊಪ್ಪುಸದೆ, ಮರದ ಹಣ್ಣು. ಈ ಜಾಡು ಹಿಡಿದು ಬರ್ಕು ವಾರ್ಷ್ಣನೆಂಬವನು, ಉದ್ದನ್ನೂ ಹವಿಸ್ಸಾಗಿ ಅರ್ಪಿಸುವುದಿಲ್ಲವಲ್ಲ, ನನಗೆ ಅದನ್ನೇ ಬೇಯಿಸಿ ಎಂದನಂತೆ. ಗ್ರಂಥ ಅದನ್ನು ಒಪ್ಪುವುದಿಲ್ಲ. ಕಾಳು ಅಕ್ಕಿ ಜವೆಗಳ ಜತೆ ಸೇರಿ ಅವನ್ನು ಹೆಚ್ಚಿಸುವಂಥದ್ದು, ಆದ್ದರಿಂದ ಅದೂ ಹವಿಸ್ಸಿನ ಸಾಲಿಗೇ ಸೇರುತ್ತದೆ ಎಂಬುದು ಕಾರಣ. ನಿಯಮದ ಮಾತನ್ನು ಹಿಡಿದು ನಿಯಮದ ಉದ್ದೇಶವನ್ನು ದಾಟಲು ಹೋದವನಿಗೆ ಅಲ್ಲೇ ತಡೆ ಬಿತ್ತು.

ಇಂದಿನ ಉಪವಾಸದ ದಿನ ಮಾಡುವ ಫಲಾಹಾರದ ತಿರುಳೂ ಇದೇ ಸಮಸ್ಯೆ ಎಂದು ನನ್ನ ಅಭಿಪ್ರಾಯ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ‘ಫಲಾಹಾರ’ ಎಂದರೆ ಹಣ್ಣಲ್ಲ, ಅವಲಕ್ಕಿ ಅಥವಾ ರವೆ ಉಪ್ಪಿಟ್ಟು. ಅನ್ನ ಮುಸುರೆ, ಅವಲಕ್ಕಿ ಮುಸುರೆಯಲ್ಲ; ಅದಕ್ಕೇ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಯಾಜ್ಞವಲ್ಕ್ಯನ ಕಾಲಕ್ಕೆ ಗೆರೆ ಎಳೆದದ್ದು ಕಾಡಿಗೂ ಹೊಲಕ್ಕೂ ನಡುವೆ. ಇಲ್ಲಿ ಎಳೆದದ್ದು ಅನ್ನಕ್ಕೂ ತಿಂಡಿಗೂ ನಡುವೆ. ಅವಲಕ್ಕಿಯೂ ಭತ್ತದ್ದೇ ಎಂದು ಆಕ್ಷೇಪಿಸುವ ಕಟ್ಟುನಿಟ್ಟಿನ ಮಾಧ್ವರು ಬರ್ಕುವಿಗೆ ಸಿಕ್ಕ ಉತ್ತರವನ್ನೇ ಮತ್ತೆ ಹೇಳುತ್ತಿದ್ದಾರೆ. ಒಂದರಿಂದ ಇನ್ನೊಂದು ನೇರವಾಗಿ ಇಳಿದು ಬಂತೆಂದು ನಾನು ವಾದಿಸುತ್ತಿಲ್ಲ. ತಿಂದೂ ತಿನ್ನದಂತಿರುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಎಂಬುದಷ್ಟೇ ನನ್ನ ಮಾತು.

ಪದ ಮಾತ್ರ ಹಲವು ಕಡೆ ಹರಿದಿದೆ. ಪಾಲಿಯಲ್ಲಿ ಅದು ‘ಉಪೋಸಥ’. ಇತರ ಪಂಥದ ಪರಿವ್ರಾಜಕರು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನಗಳಲ್ಲಿ ಸೇರುವುದನ್ನು ಕಂಡು ಬಿಂಬಿಸಾರನು ಬುದ್ಧನಿಗೆ ಸೂಚಿಸಿದ ಮೇಲೆ ಸಂಘದಲ್ಲೂ ಅದು ನೆಲೆಗೊಂಡಿತೆಂದು ಮಹಾವಗ್ಗ ಹೇಳುತ್ತದೆ. ಜೈನರಲ್ಲಿ ಅದು ‘ಪ್ರೋಷಧ’. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಒಂದೇ ಹೊತ್ತಿನ ಊಟವೆಂದು ವಿವರಿಸುತ್ತಾರೆ, ಕನ್ನಡದ ‘ಒಪ್ಪೊತ್ತು’. ಹೀಗೆ ಹರಿಯುವಾಗ ಅತಿಥಿಗಳಾಗಿದ್ದ ದೇವತೆಗಳು ಕಾಣೆಯಾದರು. ಮುಂದೆ ಧರ್ಮಶಾಸ್ತ್ರದ ನಿಬಂಧಗಳು ಪಾಪಗಳಿಂದ ಹಿಂದಿರುಗಿ ಗುಣಗಳ ಜತೆ ವಾಸಿಸುವುದೇ ಉಪವಾಸವೆಂದವು. ವಾಸಿಸುವವನು ಈಗ ಮನುಷ್ಯ. ಇಂದಿನ ‘ದೇವರ ಹತ್ತಿರ’ ಎಂಬ ಅರ್ಥ ಈ ತಿರುವಿನ ಮುಂದುವರಿಕೆ. ಅದು ಸುಳ್ಳಲ್ಲ, ಆದರೆ ಮೂಲಾರ್ಥವೂ ಅಲ್ಲ.

ಏಕಾದಶಿಯ ಹೊತ್ತಿಗೆ ಕಾರಣ ಕಾಲಕ್ಕೇ ಸೇರಿಬಿಟ್ಟಿದೆ. ಆ ತಿಥಿ ಹರಿಯದು, ಆದ್ದರಿಂದ ಉಪವಾಸ. ದಶಮಿಗೆ ಒಪ್ಪೊತ್ತು, ಏಕಾದಶಿಗೆ ಏನೂ ಇಲ್ಲ, ದ್ವಾದಶಿಗೆ ಪಾರಣೆಯ ಒಂದೇ ಊಟ. ದಿನಕ್ಕೆರಡು ಊಟವೆಂದರೆ ಮೂರು ದಿನದಲ್ಲಿ ನಾಲ್ಕು ಊಟ ಬಿಟ್ಟಂತಾಯಿತು. ಕಾಲವೇ ಕಾರಣವಾದಾಗ ತಪ್ಪಾಗುವುದೂ ಕಾಲದಲ್ಲೇ. ಉದಾಹರಣೆಗೆ, ಸೂರ್ಯೋದಯ 6 ಗಂಟೆ 30 ನಿಮಿಷಕ್ಕೆ ಎಂದುಕೊಳ್ಳೋಣ. ಅರುಣೋದಯ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮೊದಲು, 4 ಗಂಟೆ 54 ನಿಮಿಷಕ್ಕೆ. ದಶಮಿ 5 ಗಂಟೆ 30 ನಿಮಿಷಕ್ಕೆ ಮುಗಿದರೆ, ಸೂರ್ಯೋದಯಕ್ಕೆ ಏಕಾದಶಿ ಇರುವುದರಿಂದ ಸ್ಮಾರ್ತರು ಅಂದೇ ಉಪವಾಸ ಮಾಡುತ್ತಾರೆ. ಅರುಣೋದಯದಲ್ಲಿ ದಶಮಿ ಸೋಂಕಿತು, ಅದು ವಿದ್ಧವಾಯಿತು ಎಂದು ಮಾಧ್ವರು ಮರುದಿನಕ್ಕೆ ಹೋಗುತ್ತಾರೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವೇಧದ ವಿಚಾರಕ್ಕೆ ಬಹಳ ಒತ್ತು ಕೊಟ್ಟಿದ್ದಾರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಏಕಾದಶಿ ಎರಡು ದಿನ ಬರುವುದು ಪಂಚಾಂಗದ ತಪ್ಪಿನಿಂದಲ್ಲ, ಈ 96 ನಿಮಿಷಗಳಿಂದ.

ಇಷ್ಟಾದ ಮೇಲೆ ನಾನು ಬರೆದುಕೊಟ್ಟ ಮಾತು ಇದು:

‘ಉಪವಾಸ ಅಂದರೆ ದೇವರ ಹತ್ತಿರ ಇರೋದು ಅಂತ ಕೇಳಿರ್ತೀರಿ. ಹಳೇ ಕಾರಣ ಅದಕ್ಕೆ ತಿರುಗುಮುರುಗು. ನಾಳೆ ಯಾಗ ಇದೆ ಅಂದರೆ ದೇವತೆಗಳು ಇವತ್ತೇ ನಮ್ಮ ಮನೆಗೆ ಬಂದು ತಂಗ್ತಾರೆ ಅಂತ ನಂಬಿದ್ದರು. ಬಂದ ನೆಂಟರಿಗೆ ಬಡಿಸದೆ ಮನೆಯವರು ಉಣ್ಣೋದುಂಟೆ? ಅದಕ್ಕೆ ಊಟ ಬಿಟ್ಟರು. ಹಾಗಂತ ಏನೂ ತಿನ್ನಬಾರದಾ? ದೇವರಿಗೆ ಅರ್ಪಿಸದೆ ಇರೋ ಕಾಡಿನ ಹಣ್ಣು, ಸೊಪ್ಪು ತಿನ್ನಬಹುದು ಅಂದರು ಯಾಜ್ಞವಲ್ಕ್ಯರು. ಫಲಾಹಾರದ ಹಿಂದಿನ ಯೋಚನೆಯೂ ಇಂಥದ್ದೇ. ಆಮೇಲೆ ಕಾರಣಗಳು ಬದಲಾದವು, ಹೆಸರು ಉಳೀತು.’

ಈ ಉತ್ತರ ರಂಜಾನಿನ ರೋಜಾಕ್ಕೆ ಸಲ್ಲುವುದಿಲ್ಲ. ಕನ್ನಡದಲ್ಲಿ ಅದನ್ನೂ ಉಪವಾಸವೆನ್ನುತ್ತೇವೆ, ಆದರೆ ಬೆಳಗಿನ ಸಹರಿಯಿಂದ ಸಂಜೆಯ ಇಫ್ತಾರಿನವರೆಗಿನ ಆ ವ್ರತಕ್ಕೆ ಕುರ್‌ಆನ್ ಕೊಡುವ ಕಾರಣ ತಖ್ವಾ, ಅಂದರೆ ದೇವರ ಭಯಭಕ್ತಿಯ ಎಚ್ಚರ. ಅಲ್ಲಿ ಅತಿಥಿಯ ಮಾತಿಲ್ಲ, ತಿಂದೂ ತಿನ್ನದ ವಸ್ತುವೂ ಇಲ್ಲ; ನೀರೂ ಸಲ್ಲದು. ಆದ್ದರಿಂದ ಪ್ರಶ್ನೆಯನ್ನು ತೆರೆಯ ಮೇಲೆ ತೋರಿಸುವಾಗ ‘ಜನ’ ಎಂಬ ಪದದ ಕೆಳಗೆ ‘ಏಕಾದಶಿ ಮತ್ತು ಅದರ ಹಿಂದಿನ ಉಪವಸಥ’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಬೇಕೆಂದು ಕೇಳಿಕೊಂಡೆ.