n²(1 − cos(1/n)): ಶ್ರೇಣಿ ವಿಸ್ತರಣೆಯಿಂದ ಪರಿಮಿತಿ

n ಅನಂತದತ್ತ ಸಾಗಿದಂತೆ n²(1 − cos(1/n)) ಎಂಬ ಅನುಕ್ರಮದಲ್ಲಿ n² ಮಿತಿಯಿಲ್ಲದೆ ಹಿಗ್ಗುತ್ತದೆ, ಆವರಣದೊಳಗಿನ ಬೆಲೆ ಶೂನ್ಯದತ್ತ ಕುಗ್ಗುತ್ತದೆ. ಕುಗ್ಗುವ ವೇಗವನ್ನು ಅರಿಯದೆ ಗುಣಲಬ್ಧದ ಪರಿಮಿತಿಯನ್ನು ಹೇಳಲಾಗದು. ಆ ವೇಗವನ್ನು ತಿಳಿಸುವುದು ಕೊಸೈನಿನ ಶ್ರೇಣಿ. ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವನ ಹೆಸರಿಗೆ ಸಲ್ಲುವ ಈ ಶ್ರೇಣಿಯಲ್ಲಿ ಕೋನವು ರೇಡಿಯನ್ನಿನಲ್ಲೇ ಇರಬೇಕು:

cos x = 1 − x²/2 + x⁴/24 − …

x ಇರುವಲ್ಲಿ 1/n ಇಟ್ಟು, 1ರಿಂದ ಕಳೆದು, n²ರಿಂದ ಗುಣಿಸಿದರೆ ದೊರೆಯುವುದು:

1/2 − 1/(24n²) + …

ಮೊದಲ ಪದದಲ್ಲಿ n ಇಲ್ಲ. ಮುಂದಿನ ಪದಗಳ ಚಿಹ್ನೆ ಪರ್ಯಾಯವಾಗಿ ಬದಲಾಗುತ್ತ, ಪ್ರಮಾಣ ಕುಗ್ಗುತ್ತ ಹೋಗುವುದರಿಂದ ಅವೆಲ್ಲವೂ ಸೇರಿ ತರುವ ವ್ಯತ್ಯಾಸ 1/(24n²) ಅನ್ನು ಮೀರದು. ಅದು ಶೂನ್ಯವನ್ನು ಸೇರುತ್ತದೆ. ಪರಿಮಿತಿ 1/2. n = 10 ಆದಾಗಲೇ ಬೆಲೆ ಸುಮಾರು 0.49958.

ವಿದ್ಯಾರ್ಥಿಗಳು ಎಡವುವುದು ಶ್ರೇಣಿಯನ್ನು ಬೇಗನೆ ಕಡಿಯುವಲ್ಲಿ. cos(1/n) ಅನ್ನು 1 ಎಂದೇ ಹಿಡಿದರೆ ಉತ್ತರ ಶೂನ್ಯವೆಂದು ತೋರುತ್ತದೆ; ಕೈಬಿಟ್ಟ 1/(2n²) ಪದವನ್ನು n² ಮತ್ತೆ ಹಿಗ್ಗಿಸುತ್ತದೆಂಬುದು ಮರೆತುಹೋಗಿರುತ್ತದೆ. ಹೊರಗಿನ ಗುಣಕ n² ಇದ್ದರೆ 1/n² ಪದದವರೆಗಾದರೂ ವಿಸ್ತರಿಸಲೇಬೇಕು.

ಗಣಕಯಂತ್ರವೂ ಇದೇ ತಪ್ಪನ್ನು ಮಾಡುವುದುಂಟು. ಸುಮಾರು 16 ಅಂಕಿಗಳ ನಿಖರತೆಯಲ್ಲಿ n = 10⁸ ಕೊಟ್ಟರೆ ಕೊಸೈನ್ 1ಕ್ಕೇ ದುಂಡಾಗಿ ಉತ್ತರ 0 ಬರುತ್ತದೆ. ಅದೇ ಅನುಕ್ರಮವನ್ನು 2n² sin²(1/(2n)) ಎಂದು ಬರೆದುಕೊಂಡರೆ ಕಳೆಯುವ ಪ್ರಮೇಯವೇ ಇಲ್ಲದೆ 0.5 ದೊರೆಯುತ್ತದೆ.