ಕೊಂಡಿ ತೋರಿಸಿದವರ ಫೋನ್ ರಿಂಗಣಿಸುತ್ತದೆ: ಕಿರು ವಿಡಿಯೊದಿಂದ ಗಿರಾಕಿಯವರೆಗೆ

ಅಮೀನಗಡದ ಕರದಂಟಿಗೆ ರಸ್ತೆಯೇ ಜಾಹೀರಾತು. ರಾಯಚೂರು–ಬೆಳಗಾವಿ ದಾರಿಯಲ್ಲಿ ಬಸ್ಸು ನಿಂತರೆ ಪ್ರಯಾಣಿಕರೇ ಇಳಿದು ಅಂಗಡಿಗೆ ಬರುತ್ತಾರೆ. ಪಕ್ಕದ ಸೂಳೇಭಾವಿಯಲ್ಲಿ ಕುಣಿಮಗ್ಗದ ಮುಂದೆ ಕೂತ ನೇಕಾರನಿಗೆ ಆ ಅನುಕೂಲವಿಲ್ಲ. ಅವನ ಇಳಕಲ್ ಸೀರೆ ಹೆಚ್ಚಾಗಿ ಸಾಹುಕಾರರ ಕೈದಾಟಿಯೇ ಉಡುವವರನ್ನು ತಲುಪುತ್ತದೆ. ಉಡುವವರೇ ಅವನನ್ನು ಹುಡುಕಿಕೊಂಡು ಬರುವಂತೆ ಮಾಡಲು ಈಗ ಕಿರು ವಿಡಿಯೊ ಒಂದು ದಾರಿ.

ಹಳೆಯ ಮಾದರಿ: ಅಡಿಕೆ ಪತ್ರಿಕೆ

ತಿಳಿವಳಿಕೆ ಕೊಟ್ಟು ಜನರೇ ಹುಡುಕಿಕೊಂಡು ಬರುವಂತೆ ಮಾಡುವುದು ಮೊಬೈಲಿನೊಂದಿಗೆ ಹುಟ್ಟಿದ ಉಪಾಯವಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಅದು ಬೆಳೆದದ್ದು ಅಡಿಕೆ ತೋಟದವರ ನಿತ್ಯದ ತೊಡಕುಗಳ ಸುತ್ತ. ಮಾಡಿ ನೋಡಿದವರ ಅನುಭವ ಮೊದಲು, ಕೊನೆಗೆ ಅವರನ್ನು ಸಂಪರ್ಕಿಸುವ ಫೋನ್ ಸಂಖ್ಯೆ. ಓದಿದವರು ಕರೆ ಮಾಡುವ ಹೊತ್ತಿಗೆ ಅರ್ಧ ವಿಶ್ವಾಸ ಹುಟ್ಟಿರುತ್ತಿತ್ತು. ಓದುಗರ ವಲಯ ಚಿಕ್ಕದಾಗಿದ್ದುದೇ ಆ ಪತ್ರಿಕೆಯ ಬಲ ಎಂದು ನನ್ನ ಎಣಿಕೆ.

ಒಂದು ವಿಡಿಯೊ, ಒಂದು ಗುಟ್ಟು

ಅದೇ ರೀತಿ ನೇಕಾರನೂ ವಿಡಿಯೊದಲ್ಲಿ ತೋರಿಸಬೇಕಾದದ್ದು ಸೀರೆಯನ್ನಲ್ಲ, ಸೀರೆಯನ್ನು ಪರೀಕ್ಷಿಸುವ ಬಗೆಯನ್ನು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸು ಹತ್ತಿಯದಿದ್ದರೂ ಸೆರಗಿನದು ರೇಷ್ಮೆ. ಎರಡೂ ಸೇರುವಲ್ಲಿ ಎಳೆಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುತ್ತಾರೆ. ಅದೇ ಕೊಂಡಿ. ಆಮೇಲೆ ನೇಯ್ದು ಬರುವುದು ತೋಪು ತೆನಿ ಸೆರಗು.

ಸೆರಗು ಶುರುವಾಗುವ ಗೆರೆಯನ್ನು ತಿರುವಿಹಾಕಿ ಕ್ಯಾಮೆರಾವನ್ನು ಹತ್ತಿರ ಹಿಡಿಯಬೇಕು. ಸಾಲಾಗಿ ಕುಣಿಕೆಗಳು ಕಾಣುತ್ತವೆ. ಸೆರಗಿನ ತುದಿಯ ಎಳೆ ಬಿಡಿಸಿದರೆ ಒಡಲಿನ ಬಣ್ಣ ಅಲ್ಲಿರುವುದಿಲ್ಲ, ಅದು ಕೊಂಡಿಯಲ್ಲೇ ನಿಂತಿರುತ್ತದೆ. ಅನುಕರಣೆಯ ಸೀರೆಯಲ್ಲಿ ಒಡಲಿನ ಹಾಸೇ ತುದಿಯವರೆಗೆ ಹರಿದು ಬಂದಿರುತ್ತದೆ. ಇಷ್ಟನ್ನು ತೋರಿಸಲು ನಲವತ್ತು ಸೆಕೆಂಡು ಸಾಕು.

ಕೊನೆಗೆ ಒಂದು ಮಾತು ಸೇರಿಸಲೇಬೇಕು: ಕೊಂಡಿಯಿಲ್ಲದ ಕೈಮಗ್ಗದ ಸೀರೆಗಳೂ ಉಂಟು. ಕೊಂಡಿ ಇಲ್ಲವೆಂದ ಮಾತ್ರಕ್ಕೆ ಅದು ಪವರ್‌ಲೂಮಿನದಾಗಿಬಿಡುವುದಿಲ್ಲ. ತನ್ನ ಪರೀಕ್ಷೆಯ ಮಿತಿಯನ್ನು ತಾನೇ ಹೇಳಿಕೊಳ್ಳುವ ನೇಕಾರನನ್ನು ಜನ ನಂಬುತ್ತಾರೆ. ಮಿಕ್ಕ ವಿಡಿಯೊಗಳೂ ಇದೇ ದಾರಿಯಲ್ಲಿ ಬರಲಿ: ಗೋಮಿ ಅಂಚಿಗೂ ಚಿಕ್ಕಿ ಅಂಚಿಗೂ ಏನು ವ್ಯತ್ಯಾಸ, ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಏಕೆ ಬರುತ್ತದೆ ಎಂಬಂಥವು.

ವಿಚಾರಣೆ ಬರುವ ದಾರಿ

ಯೂಟ್ಯೂಬ್ ಶಾರ್ಟ್ಸ್‌ನ ಗರಿಷ್ಠ ಅವಧಿ 2024ರ ಅಕ್ಟೋಬರಿನಿಂದ ಮೂರು ನಿಮಿಷ. ತಾನಾಗಿ ಕಣ್ಣಿಗೆ ಬೀಳುವ ಕಿರು ವಿಡಿಯೊ ಬಹುತೇಕ ಕೆಲವೇ ದಿನಗಳಲ್ಲಿ ಹಿಂದೆ ಸರಿಯುತ್ತದೆ. ಹುಡುಕುವವರಿಗೆ ಸಿಗುವಂಥದ್ದು ತಿಂಗಳುಗಟ್ಟಲೆ ಬಾಳುತ್ತದೆ. ಆದ್ದರಿಂದ ‘ನಮ್ಮ ಹೊಸ ಸೀರೆ’ ಎನ್ನುವ ಬದಲು ‘ಇಳಕಲ್ ಸೀರೆಯ ಕೊಂಡಿ ಗುರುತಿಸುವುದು ಹೇಗೆ?’ ಎಂದು ಗಿರಾಕಿಯ ಪ್ರಶ್ನೆಯನ್ನೇ ತಲೆಬರಹವಾಗಿಸಬೇಕು.

ಹಲವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟುಗಳಲ್ಲಿ ಹಾಕಿದ ಲಿಂಕುಗಳನ್ನು ಒತ್ತಿದರೆ ತೆರೆಯುವುದಿಲ್ಲ. ಲಿಂಕನ್ನು ಚಾನೆಲ್ಲಿನ ಮುಖಪುಟದಲ್ಲಿ ಹಾಕಿ, ಅಲ್ಲಿ ನೋಡಿರೆಂದು ವಿಡಿಯೊದಲ್ಲೇ ಬಾಯಿಬಿಟ್ಟು ಹೇಳಬೇಕು. ವಾಟ್ಸಾಪ್ ಲಿಂಕಿನ ರೂಪ ಹೀಗೆ:

```
https://wa.me/91XXXXXXXXXX?text=KONDI
```

X ಇರುವಲ್ಲಿ ಮೊಬೈಲ್ ಸಂಖ್ಯೆ. ಗಿರಾಕಿ ಇದನ್ನು ಒತ್ತಿದಾಗ KONDI ಎಂಬ ಪದ ಮೊದಲೇ ಬರೆದಿರುತ್ತದೆ, ಅವರು ಕಳಿಸಿದರೆ ಸಾಕು. ಇನ್‌ಸ್ಟಾಗ್ರಾಮಿನ ಲಿಂಕಿಗೆ ಬೇರೆ ಪದ ಇಟ್ಟರೆ ಯಾರು ಎಲ್ಲಿಂದ ಬಂದರೆಂಬುದು ಗೊತ್ತಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಪದ, ಕೇಳಿದ್ದೇನು, ಕೊಂಡರೋ ಇಲ್ಲವೋ ಎಂದು ಬರೆದಿಡಬೇಕು.

ಎಲ್ಲಿ ತಪ್ಪುತ್ತದೆ

ಹಾಡಿಗೆ ಸೆರಗು ಬೀಸುವ ವಿಡಿಯೊ ಲಕ್ಷ ಜನ ನೋಡಿಯೂ ಒಂದು ಸೀರೆ ಮಾರದೆ ಹೋಗಬಹುದು. ಸರಿದಾರಿಯಲ್ಲಿದ್ದೇವೆಯೇ ಎಂಬುದು ವೀಕ್ಷಣೆಯ ಸಂಖ್ಯೆಗಿಂತ ಬರುವ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ‘ರೇಟ್ ಎಷ್ಟ್ರಿ?’ ಎಂಬುದೇ ಬರುತ್ತಿದ್ದರೆ ನೋಡಿದವರಿಗೆ ವ್ಯತ್ಯಾಸ ತಿಳಿದಿಲ್ಲ. ‘ಕೊಂಡಿ ಸೀರಿ, ಗೋಮಿ ದಡಿ, ಹಸಿರು ಒಡಲು ಐತೇನ್ರಿ?’ ಎಂದು ಕೇಳತೊಡಗಿದರೆ ವಿಡಿಯೊ ತನ್ನ ಕೆಲಸ ಮಾಡಿದೆ.

ಇನ್ನೊಂದು ಅಪಾಯ ಬೇಡಿಕೆಯದೇ. ಕೈಮಗ್ಗದ ಸೀರೆಗೆ ದಿನಗಳು ಹಿಡಿಯುತ್ತವೆ, ಮಗ್ಗವನ್ನು ಅವಸರಪಡಿಸಲಾಗದು. ಬಂದ ಬೇಡಿಕೆ ಪೂರೈಸಲೆಂದು ಪವರ್‌ಲೂಮಿನ ಸೀರೆ ತಂದು ಕಳಿಸಿದರೆ, ಗಿರಾಕಿ ಅದನ್ನು ತಿರುವಿ ನೋಡುವುದು ನೀವೇ ಕಲಿಸಿದ ಕೊಂಡಿಯ ಗೆರೆಯಲ್ಲೇ. ಕೊಡುವ ತಾರೀಖನ್ನು ಮೊದಲೇ ತಿಳಿಸಿ, ಆಗದಿದ್ದರೆ ಆಗದೆಂದೇ ಹೇಳಿಬಿಡಿ.